ಎರಡು ಸಾಲಿನ ನಡುವೆ ಅಡಗಿದ ಲೆಕ್ಕ

ಅಕ್ಕನ ಮಗಳು ಎಸ್‌ಎಸ್‌ಎಲ್‌ಸಿ. ಗೈಡಿನ ವರ್ಗ ಸಮೀಕರಣದ ಲೆಕ್ಕಗಳನ್ನೆಲ್ಲ ಮುತ್ತಿನಂಥ ಅಕ್ಷರದಲ್ಲಿ ನೋಟ್ಸಿಗೆ ಇಳಿಸಿದ್ದಳು. ಗೈಡ್ ಮುಚ್ಚಿಸಿ ಅದರಲ್ಲೇ ಒಂದನ್ನು ಮಾಡು ಅಂದರೆ ಮೊದಲ ಸಾಲಿಗೇ ಪೆನ್ನು ನಿಂತಿತು.

x² − 7x + 10 = 0
x² − 5x − 2x + 10 = 0
x(x − 5) − 2(x − 5) = 0
(x − 5)(x − 2) = 0
x = 5 ಅಥವಾ x = 2

"ಮಾವ, ಈ ಐದು, ಎರಡು ಎಲ್ಲಿಂದ ಬಂತು?" ಅಂದಳು. ನ್ಯಾಯವಾದ ಪ್ರಶ್ನೆ. ಗೈಡ್ ಬರೆದವರು ಅದನ್ನು ಮನಸ್ಸಿನಲ್ಲೇ ಮಾಡಿಕೊಂಡು ಫಲಿತಾಂಶವನ್ನಷ್ಟೇ ಅಚ್ಚು ಹಾಕಿಸಿದ್ದಾರೆ.

ಹಾಗಾಗಿ ಮೊದಲ ಎರಡು ಸಾಲುಗಳ ನಡುವೆ ಅರ್ಧ ಪುಟ ಬಿಟ್ಟೆವು. ಗುಣಿಸಿದರೆ 10 ಬರುವ ಜೋಡಿಗಳು ಯಾವುವು? 1 ಮತ್ತು 10, 2 ಮತ್ತು 5. ಕೂಡಿದರೆ 11, 7. ನಮಗೆ ಬೇಕಾದದ್ದು −7. ಗುಣಲಬ್ಧ ಪ್ಲಸ್, ಮೊತ್ತ ಮೈನಸ್ ಆಗಬೇಕಾದರೆ ಎರಡೂ ಮೈನಸ್ ಇರಲೇಬೇಕು. ಹೀಗೆ −5, −2 ಸಿಕ್ಕಿತು.

ಮೂರನೇ ಸಾಲಿನಲ್ಲಿ ಅವಳು −2(x + 5) ಎಂದು ಬರೆದಳು. ಮೇಲೆ +10 ಇದೆಯಲ್ಲ, ಆ ಪ್ಲಸ್ಸನ್ನೇ ಕೆಳಗಿಳಿಸಿದ್ದಾಳೆ. ತಪ್ಪು ಎನ್ನದೆ, ಬ್ರಾಕೆಟ್ ಬಿಡಿಸಿ ನೋಡು ಎಂದೆ. −2x − 10 ಬಂತು. ಅವಳೇ ತಿದ್ದಿದಳು. ಎರಡು ಬ್ರಾಕೆಟ್ಟಿನೊಳಗೂ ಒಂದೇ ಬರದಿದ್ದರೆ ಎಲ್ಲೋ ಚಿಹ್ನೆ ಎಡವಿದೆ ಎಂದು ತಿಳಿಯಬೇಕು.

ಕೊನೆಯ ಸಾಲನ್ನು ಮಕ್ಕಳು ಪ್ರಶ್ನಿಸುವುದೇ ಇಲ್ಲ. ಎರಡು ಸಂಖ್ಯೆ ಗುಣಿಸಿ ಸೊನ್ನೆ ಬಂದರೆ ಅವುಗಳಲ್ಲಿ ಒಂದಾದರೂ ಸೊನ್ನೆ ಆಗಿರಲೇಬೇಕು. ಅದಕ್ಕೇ ಬಲಗಡೆ ಸೊನ್ನೆ ಇರುವುದು. ಇದು ಗೊತ್ತಿಲ್ಲದ ಮಗು x(x − 7) = −10 ಎಂದು ಬರೆದು x = −10 ಎಂದು ಧೈರ್ಯವಾಗಿ ಹೇಳುತ್ತದೆ.

ಬಿಡಿಸಿದ ಲೆಕ್ಕಗಳನ್ನು ಓದುವುದರಿಂದ ಬೀಜಗಣಿತ ಕಲಿಯುವವರಿಗೆ ಲಾಭವಿದೆ ಎಂದು ಸ್ವೆಲ್ಲರ್ ಮತ್ತು ಕೂಪರ್ 1985ರಲ್ಲೇ ತೋರಿಸಿದ್ದರು. ಆದರೆ ಎಷ್ಟು ದಿನ ಓದುವುದು? x² − 8x + 15 = 0 ಅನ್ನು ನಾನು ಕೊನೆಯ ಸಾಲು ಬಿಟ್ಟು ಬರೆದುಕೊಟ್ಟೆ. ಮುಂದಿನದರಲ್ಲಿ ಕೊನೆಯ ಎರಡು ಸಾಲು ಬಿಟ್ಟೆ. ಹೀಗೆ ಕೆಳಗಿನಿಂದ ಮೇಲಕ್ಕೆ ಅಳಿಸುತ್ತ ಹೋದರೆ ಕಷ್ಟದ ಸಾಲು, ಅಂದರೆ ಎರಡನೆಯದು, ಕೊನೆಗೆ ಅವಳ ಪಾಲಿಗೆ ಬರುತ್ತದೆ.

ನಾಲ್ಕನೇ ದಿನ ಬೇಕೆಂದೇ x² − 3x − 10 = 0 ಕೊಟ್ಟೆ. ಅಭ್ಯಾಸಬಲದಿಂದ −5, −2 ಬರೆದಳು. ಪಕ್ಕದಲ್ಲಿ ಕೂಡಿ ನೋಡಿದಳು: −7. ಗುಣಿಸಿದಳು: +10. "ಅಯ್ಯೋ, ಒಂದು ಪ್ಲಸ್ ಆಗ್ಬೇಕು ಮಾವ" ಅಂತ −2ರ ಮೈನಸ್ಸಿಗೆ ಅಡ್ಡಲಾಗಿ ಒಂದು ಗೀಟು ಎಳೆದಳು.