ವಜಾ ಪತ್ರ ಕೈಗೆ ಬಂದ ದಿನದಿಂದ ಲೆಕ್ಕ ಶುರು

ಮೂರು ವರ್ಷದ ಹಿಂದೆ ನಮ್ಮ ಕಾಮರ್ಸ್ ವಿಭಾಗದ ಒಬ್ಬ ವಿದ್ಯಾರ್ಥಿ ತರಗತಿ ಮುಗಿದ ಮೇಲೆ ಒಂದು ಕಾಗದ ತಂದು ತೋರಿಸಿದ. ಅವನ ಅಬ್ಬ ಕೆಲಸ ಮಾಡುತ್ತಿದ್ದ ಕಾರ್ಖಾನೆಯಿಂದ ಬಂದ ವಜಾ ಆದೇಶ ಅದು. "ಸರ್, ಕೋರ್ಟಿಗೆ ಹೋಗಬೇಕಾದರೆ ಎಷ್ಟು ದಿನದೊಳಗೆ ಹೋಗಬೇಕು?" ಎಂದು ಕೇಳಿದ. ನಮ್ಮ ಪಠ್ಯದಲ್ಲಿ ಕೈಗಾರಿಕಾ ವಿವಾದದ ಬಗ್ಗೆ ಇರುವುದು ಅರ್ಧ ಪುಟ. ಅದರಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಆ ಮನೆಯ ವಿವರ ಇಲ್ಲಿ ಬೇಡ. ಅಂಥದೇ ಒಂದು ಪ್ರಕರಣವನ್ನು ಕಲ್ಪಿಸಿಕೊಂಡು, ಅದು ಯಾವ ಯಾವ ಬಾಗಿಲು ದಾಟುತ್ತದೆ ಎಂದು ನೋಡೋಣ.

ಒಂದು ಖಾಸಗಿ ಕಾರ್ಖಾನೆಯಲ್ಲಿ ಎಂಟು ವರ್ಷ ಕೆಲಸ ಮಾಡಿದ ಯಂತ್ರ ಚಾಲಕ ಎಂದಿಟ್ಟುಕೊಳ್ಳಿ. ತಾಯಿ ಆಸ್ಪತ್ರೆಯಲ್ಲಿದ್ದಾಗ ರಜೆ ಮಂಜೂರಾಗದೆ ಹನ್ನೆರಡು ದಿನ ಗೈರುಹಾಜರಾದ. ಆಡಳಿತ ಮಂಡಳಿ ಆರೋಪಪಟ್ಟಿ ಕೊಟ್ಟು, ಒಳಗೇ ಒಂದು ವಿಚಾರಣೆ ನಡೆಸಿ, 2023ರ ಜನವರಿ 10ರಂದು ಅವನನ್ನು ವಜಾ ಮಾಡಿತು. ಆದೇಶ ಅದೇ ದಿನ ಅವನ ಕೈಗೆ ಬಂತು. ಆಗ ಜಾರಿಯಲ್ಲಿದ್ದದ್ದು 1947ರ ಕೈಗಾರಿಕಾ ವಿವಾದಗಳ ಕಾಯ್ದೆ.

ಮೊದಲು ಒಂದು ಸಂದೇಹ ಬರುತ್ತದೆ. ಒಬ್ಬ ಕಾರ್ಮಿಕನ ಜಗಳ 'ಕೈಗಾರಿಕಾ ವಿವಾದ' ಆಗುವುದು ಹೇಗೆ? ಮೂಲ ಕಾಯ್ದೆಯಲ್ಲಿ ಸಂಘವೋ ಸಾಕಷ್ಟು ಕಾರ್ಮಿಕರೋ ಬೆನ್ನಿಗೆ ನಿಲ್ಲದಿದ್ದರೆ ಅದು ಆಗುತ್ತಿರಲಿಲ್ಲ. 1965ರಲ್ಲಿ 2ಎ ಎಂಬ ಕಲಮು ಸೇರಿತು. ಅಲ್ಲಿಂದ ಮುಂದೆ ಕೆಲಸದಿಂದ ತೆಗೆದುಹಾಕಿದ ವಿಷಯದಲ್ಲಿ ಮಾತ್ರ, ಸಂಘ ಇಲ್ಲದ ಒಂಟಿ ಕಾರ್ಮಿಕನ ತಕರಾರೂ ಕೈಗಾರಿಕಾ ವಿವಾದವೇ. ಸಂಬಳ ಹೆಚ್ಚಿಸಿ ಎಂದು ಒಬ್ಬನೇ ಹೋಗಿ ಕೇಳಿದರೆ ಈ ಕಲಮು ನೆರವಿಗೆ ಬರುವುದಿಲ್ಲ.

ಇನ್ನೊಂದು ಸಂದೇಹ, ಅವನು ಕಾಯ್ದೆಯ ಅರ್ಥದಲ್ಲಿ 'ಕಾರ್ಮಿಕ'ನೇ? ಇದಕ್ಕೆ ಉದಾಹರಣೆ ನಮ್ಮ ಕಾಲೇಜಿನಂಥ ಜಾಗದಲ್ಲೇ ಇದೆ. ಬೆಂಗಳೂರು ಜಲಮಂಡಳಿ ಮತ್ತು ಎ. ರಾಜಪ್ಪ ಪ್ರಕರಣದಲ್ಲಿ 1978ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 'ಉದ್ದಿಮೆ' ಎಂಬ ಪದಕ್ಕೆ ಬಹಳ ವಿಶಾಲ ಅರ್ಥ ಕೊಟ್ಟಿತು. ಶಿಕ್ಷಣ ಸಂಸ್ಥೆಗಳೂ ಅದರೊಳಗೆ ಬಂದವು. ಆದರೆ ಪಾಠ ಹೇಳುವವರು ಕಾರ್ಮಿಕರಲ್ಲ ಎಂದು ಅದೇ ಕೋರ್ಟು 1988ರಲ್ಲಿ ಹೇಳಿತು. ಹಾಗಾಗಿ ಕಾಲೇಜು ಬಸ್ಸಿನ ಚಾಲಕರನ್ನು ವಜಾ ಮಾಡಿದರೆ ಅವರು ಈ ದಾರಿಯಲ್ಲಿ ಹೋಗಬಹುದು, ನನ್ನನ್ನು ಮಾಡಿದರೆ ನಾನು ಬೇರೆ ದಾರಿ ಹುಡುಕಬೇಕು!

ನಮ್ಮ ಯಂತ್ರ ಚಾಲಕ ಫೆಬ್ರುವರಿ 6ರಂದು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ಅರ್ಜಿ ಕೊಟ್ಟ. ಅಲ್ಲಿನ ಅಧಿಕಾರಿಯೇ ಸಂಧಾನಾಧಿಕಾರಿ. (ಬ್ಯಾಂಕು, ರೈಲ್ವೆ, ಗಣಿಯ ನೌಕರನಾಗಿದ್ದರೆ ಕೇಂದ್ರ ಸರ್ಕಾರದ ಸಂಧಾನಾಧಿಕಾರಿಯ ಬಳಿ ಹೋಗಬೇಕಿತ್ತು. ತಪ್ಪು ಕಚೇರಿಯಲ್ಲಿ ತಿಂಗಳು ಕಳೆಯುವವರಿದ್ದಾರೆ.) ಸಂಧಾನಾಧಿಕಾರಿ ಎರಡೂ ಕಡೆಯವರಿಗೆ ನೋಟಿಸು ಕೊಟ್ಟು ಕೂರಿಸಿ ಮಾತಾಡಿಸುತ್ತಾರೆ. ಅಲ್ಲಿ ವಕೀಲರಿಗೆ ಪ್ರವೇಶವಿಲ್ಲ. ಕಾರ್ಮಿಕನ ಪರವಾಗಿ ಸಂಘದ ಪದಾಧಿಕಾರಿ ಮಾತಾಡಬಹುದು. ಅಧಿಕಾರಿ ಯಾರು ಸರಿ ಎಂದು ತೀರ್ಪು ಕೊಡುವಂತಿಲ್ಲ, ಒಪ್ಪಿಸಲು ಪ್ರಯತ್ನಿಸಬಹುದು ಅಷ್ಟೆ. ಇದು ಗೊತ್ತಿಲ್ಲದೆ "ಲೇಬರ್ ಆಫೀಸಿನಲ್ಲಿ ನಮಗೆ ನ್ಯಾಯ ಸಿಗಲಿಲ್ಲ" ಎಂದು ಅಲ್ಲಿಗೇ ಕೈಬಿಡುವವರು ಬಹಳ.

ಕಾಯ್ದೆಯ ಪ್ರಕಾರ ಸಂಧಾನ ಶುರುವಾಗಿ 14 ದಿನದೊಳಗೆ ಅಧಿಕಾರಿ ಸರ್ಕಾರಕ್ಕೆ ವರದಿ ಕಳಿಸಬೇಕು. ಎಲ್ಲ ಪಕ್ಷಗಳೂ ಬರೆದು ಒಪ್ಪಿದರೆ ಅವಧಿ ಬೆಳೆಸಬಹುದು. ವಾಸ್ತವದಲ್ಲಿ ಆಡಳಿತ ಮಂಡಳಿಯ ಪ್ರತಿನಿಧಿ ಒಂದು ಸಲ ಬರುವುದಿಲ್ಲ, ಇನ್ನೊಂದು ಸಲ "ಮೇಲಿನವರನ್ನು ಕೇಳಿ ಹೇಳುತ್ತೇನೆ" ಎನ್ನುತ್ತಾನೆ. 14 ದಿನ ಹಾಗೇ ದಾಟಿಹೋಗುತ್ತದೆ. ಸಂಧಾನ ಮುರಿದುಬಿದ್ದರೆ ವಿಫಲ ವರದಿ ಸರ್ಕಾರಕ್ಕೆ ಹೋಗುತ್ತದೆ. ವಿವಾದವನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕೇ ಬೇಡವೇ ಎಂದು ಸರ್ಕಾರ ತೀರ್ಮಾನಿಸುತ್ತದೆ. ಬೇಡ ಎಂದರೆ ಕಾರಣ ತಿಳಿಸಬೇಕು. ಹಳೆಯ ಪದ್ಧತಿಯಲ್ಲಿ ಕಡತಗಳು ಹೆಚ್ಚು ಕಾಲ ಮಲಗುತ್ತಿದ್ದದ್ದು ಈ ಹಂತದಲ್ಲೇ ಎಂಬುದು ನನ್ನ ಅಭಿಪ್ರಾಯ.

ವಜಾ ಆದವನಿಗೆ ಸರ್ಕಾರದ ಒಪ್ಪಿಗೆಗೆ ಕಾಯದೆ ನೇರವಾಗಿ ಒಳಹೋಗುವ ಎರಡು ಬಾಗಿಲುಗಳಿದ್ದವು. ಒಂದು ನಮ್ಮ ರಾಜ್ಯದ್ದೇ. ಕರ್ನಾಟಕ ತಂದ ತಿದ್ದುಪಡಿಯ ಪ್ರಕಾರ ವಜಾ ಆದೇಶ ತಲುಪಿದ ದಿನದಿಂದ ಆರು ತಿಂಗಳೊಳಗೆ ಕಾರ್ಮಿಕ ನ್ಯಾಯಾಲಯಕ್ಕೆ ನೇರ ಅರ್ಜಿ ಹಾಕಬಹುದಿತ್ತು. ಇನ್ನೊಂದು, ಕೇಂದ್ರ 2010ರಲ್ಲಿ ಸೇರಿಸಿದ್ದು. ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಳೆದ ಮೇಲೆ, ವಜಾ ಆದ ದಿನದಿಂದ ಮೂರು ವರ್ಷದೊಳಗೆ ನೇರವಾಗಿ ಹೋಗಬಹುದು. ನಮ್ಮ ಯಂತ್ರ ಚಾಲಕನಿಗೆ ಲೆಕ್ಕ ಹಾಕಿ. ರಾಜ್ಯದ ಬಾಗಿಲು 2023ರ ಜುಲೈ 10ಕ್ಕೆ ಮುಚ್ಚುತ್ತದೆ. ಫೆಬ್ರುವರಿ 6ಕ್ಕೆ 45 ದಿನ ಸೇರಿಸಿದರೆ ಮಾರ್ಚ್ 23. ಅಂದರೆ ಕೇಂದ್ರದ ಬಾಗಿಲು ಮಾರ್ಚ್ 24ರಿಂದ ತೆರೆದು 2026ರ ಜನವರಿಯ ತನಕ ತೆರೆದಿರುತ್ತದೆ. ಆದರೆ ಅವನು ಲೇಬರ್ ಆಫೀಸಿಗೆ ಹೋಗದೇ ಇದ್ದಿದ್ದರೆ ಈ ಎರಡನೆಯ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ ಎಂದು ತಿಳಿದವರು ಹೇಳುವುದು ಇದಕ್ಕೇ. ಆ ಮೊಹರಿನ ತಾರೀಖಿನಿಂದಲೇ 45 ದಿನ ಎಣಿಸುವುದು.

ಸರ್ಕಾರದ ಮೂಲಕ ಹೋಗುವ ದಾರಿಗೆ ಕಾಯ್ದೆಯಲ್ಲಿ ಗಡುವು ಇರಲಿಲ್ಲ. ಅದನ್ನು ನಂಬಿ ಹತ್ತಾರು ವರ್ಷ ಸುಮ್ಮನಿರಬಹುದು ಎಂದಲ್ಲ. ನೆಡುಂಗಾಡಿ ಬ್ಯಾಂಕ್ ಪ್ರಕರಣದಲ್ಲಿ ಏಳು ವರ್ಷ ಬಿಟ್ಟು ಎಬ್ಬಿಸಿದ ವಿವಾದವನ್ನು ಸುಪ್ರೀಂ ಕೋರ್ಟು ಹಳಸಿದ ವಿವಾದ ಎಂದು ತಳ್ಳಿಹಾಕಿತು.

ಏಪ್ರಿಲ್‌ನಲ್ಲಿ ನಮ್ಮವನು ಕಾರ್ಮಿಕ ನ್ಯಾಯಾಲಯಕ್ಕೆ ಹೋದ. ಕಾರ್ಮಿಕ ನ್ಯಾಯಾಲಯ ಯಾಕೆ, ಕೈಗಾರಿಕಾ ನ್ಯಾಯಮಂಡಳಿ ಯಾಕಲ್ಲ? ಕಾಯ್ದೆಯ ಎರಡನೇ ಅನುಸೂಚಿಯಲ್ಲಿರುವ ವಿಷಯಗಳು ಕಾರ್ಮಿಕ ನ್ಯಾಯಾಲಯದವು. ವಜಾ, ಶಿಸ್ತುಕ್ರಮ, ರೂಢಿಯಿಂದ ಬಂದ ಸೌಲಭ್ಯವನ್ನು ಕಿತ್ತುಕೊಳ್ಳುವುದು, ಮುಷ್ಕರ ಕಾನೂನುಬಾಹಿರವೇ ಎಂಬ ಪ್ರಶ್ನೆ ಅಲ್ಲಿ ಬರುತ್ತವೆ. ಮೂರನೇ ಅನುಸೂಚಿಯ ಸಂಬಳ, ಭತ್ಯೆ, ಬೋನಸ್, ಕೆಲಸದ ಅವಧಿಯಂಥ ಎಲ್ಲರ ಜೇಬಿಗೆ ಸಂಬಂಧಿಸಿದ ವಿಷಯಗಳು ನ್ಯಾಯಮಂಡಳಿಗೆ. ನೂರು ಮಂದಿಗಿಂತ ಹೆಚ್ಚು ಕಾರ್ಮಿಕರಿಗೆ ತಟ್ಟದ ವಿಷಯವಾದರೆ ಅದನ್ನೂ ಸರ್ಕಾರ ಕಾರ್ಮಿಕ ನ್ಯಾಯಾಲಯಕ್ಕೇ ಕಳಿಸಬಹುದಿತ್ತು.

ನ್ಯಾಯಾಲಯ ಮೊದಲು ನೋಡುವುದು ಹನ್ನೆರಡು ದಿನದ ಗೈರುಹಾಜರಿಯನ್ನಲ್ಲ. ಕಾರ್ಖಾನೆ ನಡೆಸಿದ ಒಳಗಿನ ವಿಚಾರಣೆ ನ್ಯಾಯವಾಗಿತ್ತೇ ಎಂಬುದನ್ನು. ಆರೋಪಪಟ್ಟಿ ಅವನಿಗೆ ಅರ್ಥವಾಗುವ ಭಾಷೆಯಲ್ಲಿತ್ತೇ, ಸಾಕ್ಷಿಗಳನ್ನು ಪ್ರಶ್ನಿಸಲು ಬಿಟ್ಟರೇ, ದಾಖಲೆಗಳನ್ನು ತೋರಿಸಿದರೇ? ವಿಚಾರಣೆ ಸರಿಯಿಲ್ಲ ಎಂದು ಕಂಡುಬಂದರೆ ಪ್ರಕರಣ ಅಲ್ಲಿಗೆ ಮುಗಿಯುವುದಿಲ್ಲ. ಆಡಳಿತ ಮಂಡಳಿ ಅವಕಾಶ ಕೇಳಿದ್ದರೆ ಅದೇ ಆರೋಪವನ್ನು ನ್ಯಾಯಾಲಯದ ಮುಂದೆ ಹೊಸದಾಗಿ ಸಾಬೀತು ಮಾಡಬಹುದು. ವಿಚಾರಣೆ ಸರಿಯಿತ್ತು ಎಂದಾದರೂ ಕಾರ್ಮಿಕನಿಗೆ ಒಂದು ಆಸರೆ ಉಳಿಯುತ್ತದೆ. 1971ರಲ್ಲಿ ಸೇರಿದ 11ಎ ಕಲಮಿನ ಪ್ರಕಾರ ತಪ್ಪಿಗೆ ಶಿಕ್ಷೆ ಹೆಚ್ಚಾಯಿತು ಎನಿಸಿದರೆ ನ್ಯಾಯಾಲಯ ಅದನ್ನು ಇಳಿಸಬಹುದು. ತಾಯಿಯ ಆಸ್ಪತ್ರೆ ಚೀಟಿ, ಹಿಂದಿನ ಎಂಟು ವರ್ಷದ ನಿಷ್ಕಳಂಕ ಸೇವೆ ತೂಕ ಪಡೆಯುವುದು ಇಲ್ಲಿ.

ಇನ್ನೊಂದು ವಿಷಯದಲ್ಲಿ ಅನೇಕರು ಎಡವುತ್ತಾರೆ. ಕೆಲಸ ಹೋದ ಅವಧಿಯ ಹಿಂಬಾಕಿ ಸಂಬಳ ಬೇಕಾದರೆ, ಆ ಅವಧಿಯಲ್ಲಿ ತಾನು ಬೇರೆ ಕಡೆ ದುಡಿಯುತ್ತಿರಲಿಲ್ಲ ಎಂದು ಕಾರ್ಮಿಕ ಮೊದಲು ಹೇಳಿಕೆಯಲ್ಲಿ ಬರೆಯಬೇಕು. ಹಾಗೆ ಹೇಳಿದ ಮೇಲೆ ಅದು ಸುಳ್ಳೆಂದು ತೋರಿಸುವ ಹೊಣೆ ಆಡಳಿತದ್ದು. ಆ ಒಂದು ವಾಕ್ಯ ಬಿಟ್ಟುಹೋಗಿ, ಕೆಲಸ ಮರಳಿ ಸಿಕ್ಕರೂ ಸಂಬಳ ಕೈತಪ್ಪುವುದುಂಟು.

ಒಬ್ಬ ಕಾರ್ಮಿಕನ ವಿವಾದವನ್ನು ಸರ್ಕಾರ ಒಪ್ಪಿಸುವಾಗ ಮೂರು ತಿಂಗಳಿಗೆ ಮೀರದ ಅವಧಿ ನಿಗದಿ ಮಾಡಬೇಕು ಎಂದು ಕಾಯ್ದೆ ಹೇಳುತ್ತಿತ್ತು. ಅವಧಿ ಮುಗಿಯಿತೆಂಬ ಕಾರಣಕ್ಕೆ ಪ್ರಕರಣ ಬಿದ್ದುಹೋಗುವುದಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತಿತ್ತು. ಎರಡನೆಯ ಮಾತು ಕಾರ್ಮಿಕನ ರಕ್ಷಣೆಗೆ ಬಂದದ್ದು. ಆದರೆ ಅದರಿಂದಲೇ ಮೂರು ತಿಂಗಳು ವರ್ಷಗಳಾಗಲು ಅಡ್ಡಿಯಿಲ್ಲದಾಯಿತು. ಗಡುವು ಮೀರಿದರೆ ಕಾರ್ಮಿಕನ ಅರ್ಜಿ ಸಾಯುತ್ತದೆ, ನ್ಯಾಯಾಲಯ ಗಡುವು ಮೀರಿದರೆ ಏನೂ ಆಗುವುದಿಲ್ಲ. ಈ ವ್ಯತ್ಯಾಸ ನೆನಪಿರಲಿ.

ನ್ಯಾಯಾಲಯ ಕೊಡುವ ಅಂತಿಮ ತೀರ್ಮಾನಕ್ಕೆ ಐತೀರ್ಪು ಎನ್ನುತ್ತಾರೆ. ಅದು ಸರ್ಕಾರಕ್ಕೆ ಹೋಗಿ, 30 ದಿನದೊಳಗೆ ಪ್ರಕಟವಾಗಿ, ಪ್ರಕಟವಾದ ದಿನದಿಂದ 30 ದಿನ ಕಳೆದ ಮೇಲೆ ಜಾರಿಗೆ ಯೋಗ್ಯವಾಗುತ್ತಿತ್ತು. ಇದರ ಮೇಲೆ ಅಪೀಲು ಇಲ್ಲ, ಹೈಕೋರ್ಟಿನಲ್ಲಿ ರಿಟ್ ಅರ್ಜಿ ಮಾತ್ರ. ಮರುನೇಮಕದ ಐತೀರ್ಪನ್ನು ಆಡಳಿತ ಮಂಡಳಿ ಹೈಕೋರ್ಟಿಗೆ ಒಯ್ದರೆ, ಬೇರೆ ಕೆಲಸವಿಲ್ಲ ಎಂದು ಪ್ರಮಾಣಪತ್ರ ಕೊಟ್ಟ ಕಾರ್ಮಿಕನಿಗೆ ಪ್ರಕರಣ ಮುಗಿಯುವ ತನಕ ಕೊನೆಗೆ ಪಡೆದಷ್ಟು ಸಂಬಳ ಕೊಡುತ್ತಿರಬೇಕು. ಮನೆಯಲ್ಲಿ ಕಾಲೇಜು ಶುಲ್ಕ ಕಟ್ಟಬೇಕಾದ ಮಕ್ಕಳಿದ್ದರೆ ಈ ಕಲಮಿನ ಬೆಲೆ ಗೊತ್ತಾಗುತ್ತದೆ.

ಸಂಬಳ ಏರಿಕೆಗಾಗಿ ಸಂಘ ಬೇಡಿಕೆ ಪಟ್ಟಿ ಕೊಟ್ಟಾಗ ನೇರ ಬಾಗಿಲು ಇರಲಿಲ್ಲ. ಸಂಧಾನ, ವಿಫಲ ವರದಿ, ಸರ್ಕಾರದ ಆದೇಶ, ನ್ಯಾಯಮಂಡಳಿ, ಇದೇ ಕ್ರಮ. ಆದರೆ ಅಲ್ಲಿ ಸಂಧಾನಕ್ಕೆ ಒಂದು ಬಲವಿದೆ. ಸಂಧಾನಾಧಿಕಾರಿಯ ಮುಂದೆ ಸಹಿಯಾದ ಒಪ್ಪಂದ ಸಹಿ ಹಾಕದ ಸಂಘದವರನ್ನೂ, ನಾಳೆ ಸೇರುವ ಹೊಸಬರನ್ನೂ ಕಟ್ಟಿಹಾಕುತ್ತದೆ. ಹೊರಗೆ ತಾವೇ ಮಾಡಿಕೊಂಡ ಒಪ್ಪಂದ ಸಹಿ ಹಾಕಿದವರಿಗೆ ಮಾತ್ರ.

ಇಷ್ಟೆಲ್ಲ ಹೇಳಿದ ಮೇಲೆ, ಇಂದು ಯಾರಾದರೂ ಅಂಥದೇ ಕಾಗದ ತಂದರೆ ಉತ್ತರ ಬದಲಾಗಿದೆ. 2020ರಲ್ಲಿ ಸಂಸತ್ತು ಒಪ್ಪಿದ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂತು. ಅದರಲ್ಲಿ ಪ್ರತ್ಯೇಕ ಕಾರ್ಮಿಕ ನ್ಯಾಯಾಲಯ ಇಲ್ಲ. ಒಬ್ಬ ನ್ಯಾಯಾಂಗ ಸದಸ್ಯ, ಒಬ್ಬ ಆಡಳಿತ ಸದಸ್ಯ ಇರುವ ಕೈಗಾರಿಕಾ ನ್ಯಾಯಮಂಡಳಿಯೇ ಎರಡೂ ಕೆಲಸ ಮಾಡಬೇಕು, ಬಾಕಿ ಪ್ರಕರಣಗಳೂ ಅದಕ್ಕೆ ವರ್ಗವಾಗಬೇಕು. ಸರ್ಕಾರ ಒಪ್ಪಿಸಬೇಕೆಂಬ ಹಂತವನ್ನು ತೆಗೆದುಹಾಕಿದ್ದಾರೆ. ಸಂಧಾನಕ್ಕೆ 45 ದಿನ, ಮುಷ್ಕರದ ನೋಟಿಸು ಇದ್ದರೆ 14 ದಿನ. ವಿಫಲ ವರದಿ ಕೈಸೇರಿದ 90 ದಿನದೊಳಗೆ ಸಂಘವೋ ಆಡಳಿತವೋ ತಾನೇ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಇದು ಒಳ್ಳೆಯ ಬದಲಾವಣೆ ಎಂದೇ ನನಗನಿಸುತ್ತದೆ. ಆದರೆ ವಜಾ ಆದವನಿಗಿದ್ದ ಮೂರು ವರ್ಷ ಈಗ ಎರಡಕ್ಕೆ ಇಳಿದಿದೆ. ಮೊದಲು ಸಂಧಾನಾಧಿಕಾರಿಗೆ ಅರ್ಜಿ, ಬಳಿಕ 45 ದಿನದ ಕಾಯುವಿಕೆ, ಎರಡು ವರ್ಷದೊಳಗೆ ನ್ಯಾಯಮಂಡಳಿ.

ಆ ವಿದ್ಯಾರ್ಥಿಗೆ ಅಂದು ನಾನು ಹೇಳಿದ್ದು ಇಷ್ಟೇ: ವಜಾ ಆದೇಶ ಬಂದ ಲಕೋಟೆಯನ್ನು ಎಸೆಯಬೇಡ, ಅದರ ಮೇಲಿನ ಅಂಚೆ ಮುದ್ರೆಯಲ್ಲಿ ತಾರೀಖಿದೆ. ಅವನ ಅಬ್ಬ ಅದನ್ನು ಆಗಲೇ ಆರೋಪಪಟ್ಟಿಯ ಜೊತೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟಿದ್ದರು.