ಗಜೇಂದ್ರ ಮೋಕ್ಷ ಸಿಗಬೇಕಾದರೆ

ಯೂಟ್ಯೂಬ್‌ನಲ್ಲಿ ‘ಪ್ರವಚನ ಭಾಗ 37’ ಎಂಬ ತಲೆಬರಹದ ವಿಡಿಯೊಗಳು ರಾಶಿ ಬಿದ್ದಿವೆ. ಒಳಗೆ ಎಂಥ ಒಳ್ಳೆಯ ವ್ಯಾಖ್ಯಾನವಿದ್ದರೂ ಗಜೇಂದ್ರ ಮೋಕ್ಷ ಕೇಳಬೇಕೆಂದು ಹುಡುಕುವವರಿಗೆ ಅದು ಸಿಗುವುದು ಕಷ್ಟ. ಅವರು ಟೈಪ್ ಮಾಡುವುದು ಕಥೆಯ ಹೆಸರನ್ನು, ಇಲ್ಲವೇ ಪ್ರವಚನಕಾರರ ಹೆಸರನ್ನು, ಭಾಗದ ಸಂಖ್ಯೆಯನ್ನಲ್ಲ.

ಬನ್ನಂಜೆ ಗೋವಿಂದಾಚಾರ್ಯರ ಪ್ರವಚನವೊಂದನ್ನು ಏರಿಸುತ್ತಿದ್ದೀರಿ ಎಂದಿಟ್ಟುಕೊಳ್ಳಿ. ತಲೆಬರಹ ಹೀಗಿರಲಿ: ‘ಗಜೇಂದ್ರ ಮೋಕ್ಷ | ಭಾಗವತ 8ನೇ ಸ್ಕಂಧ, ಅಧ್ಯಾಯ 2–4 | ಬನ್ನಂಜೆ ಗೋವಿಂದಾಚಾರ್ಯ’. ತಲೆಬರಹಕ್ಕೆ 100 ಅಕ್ಷರಗಳ ಮಿತಿಯಿದೆ. ಕನ್ನಡದ ಕಾಗುಣಿತ, ಒತ್ತಕ್ಷರಗಳೂ ಬೇರೆ ಬೇರೆಯಾಗಿ ಎಣಿಕೆಗೆ ಬರುವುದರಿಂದ ಜಾಗ ಬೇಗ ಮುಗಿಯುತ್ತದೆ. ಫೋನಿನಲ್ಲಿ ಉದ್ದದ ಸಾಲಿನ ಕೊನೆ ಕತ್ತರಿಸಿಹೋಗುತ್ತದೆ. ಆದ್ದರಿಂದಲೇ ವಿಷಯ ಮೊದಲು. ‘ಪೂಜ್ಯ’, ‘ವಿದ್ಯಾವಾಚಸ್ಪತಿ’ ಮುಂತಾದ ಗೌರವದ ಮಾತುಗಳು ವಿವರಣೆಯಲ್ಲಿರಲಿ.

ವಿವರಣೆಯ ಮೊದಲೆರಡು ಸಾಲು ಮಾತ್ರ ತಕ್ಷಣ ಕಾಣುವುದು. ಅಲ್ಲಿ ಶ್ಲೋಕ ಹಾಕುವ ಬದಲು, ಮೊಸಳೆಯ ಹಿಡಿತ, ಆನೆಯ ಸ್ತುತಿ, ಇಂದ್ರದ್ಯುಮ್ನನ ಪೂರ್ವಜನ್ಮ ಎಂದು ಪ್ರಸಂಗಗಳನ್ನೇ ಹೇಳಿ. ಕೆಳಗೆ ಪ್ರವಚನ ನಡೆದ ಊರು, ದಿನಾಂಕ. ಆಮೇಲೆ ಸಮಯಸೂಚಿ: ಅದು 0:00ಯಿಂದಲೇ ಶುರುವಾಗಬೇಕು, ಕನಿಷ್ಠ ಮೂರು ಗುರುತುಗಳಿರಬೇಕು. ಇಲ್ಲವಾದರೆ ವಿಡಿಯೊ ಅಧ್ಯಾಯಗಳಾಗಿ ಒಡೆಯುವುದಿಲ್ಲ, ಸ್ತುತಿಯ ಭಾಗವನ್ನಷ್ಟೇ ಮತ್ತೆ ಕೇಳಬಯಸುವ ಅಜ್ಜಿ ಗಂಟೆಯ ವಿಡಿಯೊವನ್ನೆಲ್ಲ ತಡಕಬೇಕಾಗುತ್ತದೆ.