ಎರಡು ಗೋಲ್ ಹಿಂದೆ, ಐದು ನಿಮಿಷ ಕೈಯಲ್ಲಿ

ಹಾಕಿಯ ನಿಯಮ ಪುಸ್ತಕದಲ್ಲಿ ಹಾಫ್ ಟೈಮ್‌ಗೆ ಇರುವುದು ಐದು ನಿಮಿಷ. ಶಾಲಾ ಪಂದ್ಯದಲ್ಲಿ ಆ ಐದೂ ಕೋಚ್‌ಗೆ ಸಿಗುವುದಿಲ್ಲ. ಹುಡುಗರು ಮೈದಾನದ ಆ ತುದಿಯಿಂದ ನಡೆದು ಬರಬೇಕು, ನೀರು ಕುಡಿಯಬೇಕು, ಒಬ್ಬನ ಶಿನ್ ಪ್ಯಾಡ್ ಸರಿದಿರುತ್ತದೆ, ಇನ್ನೊಬ್ಬನ ಲೇಸ್ ಬಿಚ್ಚಿರುತ್ತದೆ. ಅಷ್ಟರಲ್ಲಿ ಅಂಪೈರ್ ಗಡಿಯಾರ ನೋಡಿಕೊಳ್ಳಲು ಶುರು ಮಾಡುತ್ತಾರೆ. ಮಾತಾಡಲು ಉಳಿಯುವುದು ಹೆಚ್ಚೆಂದರೆ ಎರಡೂವರೆ ನಿಮಿಷ. ಹದಿನಾಲ್ಕು ವರ್ಷದ ಹುಡುಗ, ಅದೂ ಏದುಸಿರು ಬಿಡುತ್ತಾ ಸೋಲಿನ ಬೇಸರದಲ್ಲಿ ಕೂತವನು, ಅಷ್ಟು ಹೊತ್ತಿನಲ್ಲಿ ಎಷ್ಟು ವಿಷಯ ತಲೆಗೆ ಹಾಕಿಕೊಂಡಾನು? ಎರಡು, ತಪ್ಪಿದರೆ ಮೂರು. ಹಾಫ್ ಟೈಮ್ ಮಾತನ್ನು ಇಷ್ಟರೊಳಗೆ ಹೊಂದಿಸಿಕೊಳ್ಳಬೇಕು.

ಸೋಲುತ್ತಿರುವ ಶಾಲಾ ತಂಡವನ್ನು ಗುರುತಿಸಲು ಸ್ಕೋರ್ ಕೇಳಬೇಕಾಗಿಲ್ಲ. ಚೆಂಡು ಎಲ್ಲಿದೆಯೋ ಅಲ್ಲಿ ಆರೇಳು ಜನ ಸೇರಿರುತ್ತಾರೆ. ಸೆಂಟರ್ ಹಾಫ್ ತಲೆ ಬಗ್ಗಿಸಿಕೊಂಡು ಒಬ್ಬನೇ ಮೂವರನ್ನು ದಾಟಲು ಹೋಗುತ್ತಾನೆ. ಫ್ರೀ ಹಿಟ್ ಸಿಕ್ಕರೆ ಚೆಂಡು ನಿಲ್ಲುವ ಮೊದಲೇ ಮುಂದಕ್ಕೆ ಬೀಸಿ ಹೊಡೆಯುತ್ತಾರೆ, ಅದು ನೇರ ಎದುರಾಳಿಯ ಸ್ಟಿಕ್ಕಿಗೆ ಹೋಗುತ್ತದೆ. ಒಬ್ಬ ಸ್ಟಿಕ್ಕನ್ನು ನೆಲಕ್ಕೆ ಬಡಿಯುತ್ತಾನೆ, ಇನ್ನೊಬ್ಬ ಅಂಪೈರ್ ಕಡೆ ಕೈ ಚಾಚುತ್ತಾನೆ. ಇದೆಲ್ಲದರ ಹಿಂದೆ ಇರುವುದು ಒಂದೇ, ಅವಸರ. ಹಿಂದೆ ಬಿದ್ದಿರುವುದು ಎರಡು ಗೋಲ್, ಆದರೆ ಎರಡನ್ನೂ ಮುಂದಿನ ಒಂದೇ ನಿಮಿಷದಲ್ಲಿ ತೀರಿಸಿಬಿಡಬೇಕು ಎಂಬಂತೆ ಆಡುತ್ತಿರುತ್ತಾರೆ.

ಎರಡು ಗೋಲ್ ಹಿಂದಿನಿಂದ ಬಂದು ಗೆದ್ದವರು ಅದನ್ನು ಹೇಗೆ ತೀರಿಸುತ್ತಾರೆ ಎಂಬುದಕ್ಕೆ 2023ರ ಆಗಸ್ಟ್ 12ರಂದು ಚೆನ್ನೈನಲ್ಲಿ ನಡೆದ ಏಷ್ಯನ್ ಚಾಂಪಿಯನ್ಸ್ ಟ್ರೋಫಿ ಫೈನಲ್ ನೋಡಬಹುದು. ಮಲೇಷ್ಯಾ ವಿರುದ್ಧ ಭಾರತ ಹಾಫ್ ಟೈಮ್‌ಗೆ 1–3ರಿಂದ ಹಿಂದಿತ್ತು. ಕೊನೆಗೆ 4–3ರಿಂದ ಗೆದ್ದಿತು. ಗೆಲುವನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ, ನಾನು ಹೇಳಬೇಕೆಂದಿರುವುದು ಗೋಲ್ ಬಂದ ಹೊತ್ತಿನ ಬಗ್ಗೆ. ವಿರಾಮ ಮುಗಿಸಿ ಇಳಿದ ತಂಡಕ್ಕೆ ಮೂರನೇ ಕ್ವಾರ್ಟರ್‌ನ ಬಹುಪಾಲು ಒಂದೂ ಗೋಲ್ ಬರಲಿಲ್ಲ. ಆ ಕ್ವಾರ್ಟರ್‌ನ ಕೊನೆಯ ನಿಮಿಷದಲ್ಲಿ, ಅಂದರೆ ಪಂದ್ಯದ 45ನೇ ನಿಮಿಷದಲ್ಲಿ, ಹರ್ಮನ್‌ಪ್ರೀತ್ ಪೆನಾಲ್ಟಿ ಸ್ಟ್ರೋಕ್‌ನಿಂದ ಒಂದು ಹೊಡೆದರು. ಬೆನ್ನಿಗೇ ಗುರ್ಜಂತ್ ಇನ್ನೊಂದು. ಆಕಾಶ್‌ದೀಪ್ ಗೆಲುವಿನ ಗೋಲ್ ಹೊಡೆದಾಗ 56ನೇ ನಿಮಿಷ. ಸ್ಕೋರ್ ಬೋರ್ಡ್ ಅಲ್ಲಾಡದೆ ನಿಂತ ಅಷ್ಟೂ ಹೊತ್ತು ತಮ್ಮ ಆಟವನ್ನು ಕೆಡಿಸಿಕೊಳ್ಳದೆ ಆಡಿದ್ದೇ ಆ ಪಂದ್ಯದ ಕಷ್ಟದ ಭಾಗ. ಶಾಲೆಯ ಹುಡುಗರನ್ನು ಹಾಫ್ ಟೈಮ್‌ನಲ್ಲಿ ಸಿದ್ಧಪಡಿಸಬೇಕಾದದ್ದೂ ಅದಕ್ಕೇ.

ಕೊಡಗಿನ ತಾಲ್ಲೂಕು ಮಟ್ಟದಲ್ಲಿ ಕಾಣಸಿಗುವಂಥ ಒಂದು ಶಾಲಾ ಪಂದ್ಯವನ್ನು ತೆಗೆದುಕೊಳ್ಳೋಣ. ಮಳೆ ಬಿಟ್ಟ ಮಾರನೇ ದಿನ, ಹುಲ್ಲು ಅಲ್ಲಲ್ಲಿ ಎದ್ದುಹೋದ ಮೈದಾನ. 1997ರಿಂದ ಕುಟುಂಬ ಕುಟುಂಬಗಳೇ ತಂಡ ಕಟ್ಟಿ ಹಾಕಿ ಹಬ್ಬ ಆಡುವ ಜಿಲ್ಲೆಯಿದು, ಲೈನ್ ಪಕ್ಕ ನಿಂತ ಮಾವಂದಿರು, ಚಿಕ್ಕಪ್ಪಂದಿರು ಎಲ್ಲರೂ ಒಂದು ಕಾಲದ ಆಟಗಾರರೇ. ಒಬ್ಬರು ‘ಹೊಡಿ’ ಅನ್ನುವಾಗ ಇನ್ನೊಬ್ಬರು ‘ಇಟ್ಕೊ’ ಅನ್ನುತ್ತಾರೆ. ಹುಡುಗ ಯಾರ ಮಾತು ಕೇಳಬೇಕು? ಸ್ಕೋರ್ 0–2.

ಕೋಚ್ ಮೊದಲರ್ಧದಲ್ಲಿ ಕೂಗಿದ್ದಕ್ಕಿಂತ ಬರೆದುಕೊಂಡದ್ದೇ ಹೆಚ್ಚು. ಅವರ ಚೀಟಿಯಲ್ಲಿರುವುದು ಇಷ್ಟು: ಮೊದಲ ಗೋಲ್, ನಮ್ಮ ರೈಟ್ ಬ್ಯಾಕ್ ಡಿ ಒಳಗಿನಿಂದ ಅಡ್ಡಕ್ಕೆ ಪಾಸ್ ಕೊಟ್ಟ, ಅವರ ಸೆಂಟರ್ ಫಾರ್ವರ್ಡ್ ನಡುವೆ ಕಸಿದು ಹೊಡೆದ. ಎರಡನೇ ಗೋಲ್, ಅವರ ಲೆಫ್ಟ್ ವಿಂಗ್ ಚೆಂಡು ತಂದಾಗ ನಮ್ಮ ರೈಟ್ ಹಾಫ್ ದೂರದಿಂದಲೇ ಮುಂದಕ್ಕೆ ಬಿದ್ದು ಟ್ಯಾಕಲ್ ಮಾಡಿದ, ವಿಂಗ್ ದಾಟಿಕೊಂಡು ಹೋದ, ಗಾಬರಿಯಲ್ಲಿ ರೈಟ್ ಬ್ಯಾಕ್‌ನ ಕಾಲಿಗೆ ಚೆಂಡು ತಾಗಿತು, ಪೆನಾಲ್ಟಿ ಕಾರ್ನರ್ ಸಿಕ್ಕಿತು. ಎರಡಕ್ಕೂ ಮೂಲ ಬಲಗಡೆಯ ಒಂದು ಮೂಲೆ.

ಇನ್ನು ಅವರು ಆಡಿದ ಮಾತು.

“ಕೂತ್ಕೊಳ್ಳಿ. ಮೊದ್ಲು ನೀರು ಕುಡೀರಿ. ಒಂದು ನಿಮಿಷ ಯಾರೂ ಮಾತಾಡೋದು ಬೇಡ.”

ಆ ನಿಮಿಷ ಮುಗಿದ ಮೇಲೆ: “ಎರಡೂ ಗೋಲ್ ಎಲ್ಲಿಂದ ಬಂತು? ನೀವೇ ಹೇಳಿ.”

“ರೈಟ್ ಸೈಡಿಂದ, ಸಾರ್.”

“ಸರಿ. ನಾವು ಅವಸರ ಮಾಡಿದ ಎರಡು ಕಡೆ ಅವ್ರಿಗೆ ಗೋಲ್ ಸಿಕ್ತು. ಅವೆರಡನ್ನ ಸರಿ ಮಾಡೋಣ, ಉಳಿದದ್ದು ಹಾಗೇ ಇರ್ಲಿ. ಒಂದು, ನಮ್ಮ ಡಿ ಒಳಗೆ ಬಾಲ್ ಸಿಕ್ಕಿದ್ರೆ ಅಡ್ಡಕ್ಕೆ ಕೊಡಬೇಡಿ. ಸೈಡ್ ಲೈನ್ ಕಡೆಗೆ ಹೊಡೀರಿ. ಔಟ್ ಹೋದ್ರೂ ಪರ್ವಾಗಿಲ್ಲ, ನಾನು ಬೈಯಲ್ಲ. ಎರಡು, ಆ ಲೆಫ್ಟ್ ವಿಂಗ್ ಬಂದಾಗ ಮೈಮೇಲೆ ಬೀಳೋದು ಬೇಡ. ಸ್ಟಿಕ್ ನೆಲದಲ್ಲಿಟ್ಕೊಂಡು ಅವನ ಜೊತೇಲೇ ಹಿಂದಕ್ಕೆ ಹೋಗು, ಲೈನ್ ಕಡೆಗೆ ಸರಿಸ್ಕೊಂಡು ಹೋಗು. ಬಾಲ್ ಅವನ ಸ್ಟಿಕ್ಕಿಂದ ಒಂದು ಅಡಿ ಬಿಟ್ಟಾಗ ಸ್ಟಿಕ್ ಹಾಕು. ಮೂರು, ಇದು ಎಲ್ರಿಗೂ. ಬಾಲ್ ಕಸ್ಕೊಂಡ ಮೇಲೆ ಮೊದಲ್ನೇ ಪಾಸ್ ನಮ್ಮವನಿಗೇ ಸಿಗಬೇಕು. ಹತ್ರದವನಿಗೆ ಕೊಡಿ, ಹಿಂದಕ್ಕಾದ್ರೂ ಕೊಡಿ.

“ಮೊದಲ ಐದು ನಿಮಿಷ ನಂಗೆ ಗೋಲ್ ಬೇಡ. ನಮ್ಮವರ ಮಧ್ಯೆ ಮೂರು ಪಾಸ್ ಸೇರಿದ್ದು ನಾಲ್ಕು ಸಲ ಆಗ್ಬೇಕು, ಅಷ್ಟೆ. ಬೆಂಚಲ್ಲಿ ಕೂತವನು ಗೆರೆ ಹಾಕ್ಕೊಳ್ತಾನೆ. ಅಂಪೈರ್ ಹತ್ರ ಕ್ಯಾಪ್ಟನ್ ಬಿಟ್ಟು ಬೇರೆ ಯಾರೂ ಮಾತಾಡಬೇಡಿ. ತಪ್ಪಾಯ್ತಾ, ಎರಡೂ ಕೈಲಿ ಸ್ಟಿಕ್ ಹಿಡ್ಕೊಂಡು ನಿನ್ನ ಜಾಗಕ್ಕೆ ಓಡು. ಏಳಿ.”

ಇಷ್ಟೇ. ‘ಧೈರ್ಯವಾಗಿರಿ’, ‘ಶಾಂತವಾಗಿ ಆಡಿ’ ಎಂಬ ಮಾತು ಇದರಲ್ಲಿ ಒಂದೂ ಇಲ್ಲ. ಅದನ್ನು ಬೇಕೆಂದೇ ಬಿಟ್ಟಿದ್ದಾರೆ, ಏಕೆಂದರೆ ಶಾಂತವಾಗಿರು ಎಂದರೆ ಹುಡುಗನಿಗೆ ಏನು ಮಾಡಬೇಕು ಎಂದು ಗೊತ್ತಾಗುವುದಿಲ್ಲ. ಎರಡೂ ಕೈಯಲ್ಲಿ ಸ್ಟಿಕ್ ಹಿಡಿದು ಜಾಗಕ್ಕೆ ಓಡು ಎಂದರೆ ಗೊತ್ತಾಗುತ್ತದೆ. ಸ್ಟಿಕ್ ಎರಡೂ ಕೈಯಲ್ಲಿದ್ದಾಗ ಅದನ್ನು ನೆಲಕ್ಕೆ ಬಡಿಯುವುದಾಗಲಿ ಅಂಪೈರ್ ಕಡೆ ಕೈ ಬೀಸುವುದಾಗಲಿ ಸುಲಭವಲ್ಲ. ಅಂಪೈರ್ ಜೊತೆ ವಾದಕ್ಕೆ ಬೆಲೆಯೂ ಇದೆ. ಹಸಿರು ಕಾರ್ಡ್ ಬಂದರೆ ಎರಡು ನಿಮಿಷ ಹೊರಗೆ ಕೂರಬೇಕು. ಹಿಂದೆ ಬಿದ್ದ ತಂಡ ಹತ್ತು ಜನರಲ್ಲಿ ಎರಡು ನಿಮಿಷ ಆಡುವುದೆಂದರೆ ಮೂರನೇ ಗೋಲಿಗೆ ಬಾಗಿಲು ತೆರೆದಿಟ್ಟ ಹಾಗೆ.

ಸೈಡ್ ಲೈನ್ ಕಡೆ ಹೊಡೆಯಿರಿ ಎಂಬ ಮಾತು ನೋಡುವವರಿಗೆ ಹೇಡಿತನದಂತೆ ಕಾಣಬಹುದು. ಲೈನ್ ಪಕ್ಕದ ಮಾವಂದಿರಲ್ಲಿ ಒಬ್ಬರಾದರೂ ಅದಕ್ಕೆ ಗೊಣಗುತ್ತಾರೆ. ಆದರೆ ಲೆಕ್ಕ ಹಾಕಿ. ಡಿ ಮುಂದೆ ಅಡ್ಡ ಹೋದ ಪಾಸ್ ಎದುರಾಳಿಗೆ ಸಿಕ್ಕರೆ ಅವನ ಮುಂದೆ ಉಳಿಯುವವನು ಗೋಲ್ ಕೀಪರ್ ಒಬ್ಬನೇ. ಅದೇ ಚೆಂಡು ಸೈಡ್ ಲೈನ್ ದಾಟಿದರೆ ಎದುರಾಳಿ ಅಲ್ಲಿಂದ ಹೊಸದಾಗಿ ಆಟ ಶುರು ಮಾಡಬೇಕು, ಅಷ್ಟರಲ್ಲಿ ನಮ್ಮ ಹಾಫ್‌ಗಳು ಹಿಂದಕ್ಕೆ ಬಂದು ನಿಂತಿರುತ್ತಾರೆ. ‘ನಾನು ಬೈಯಲ್ಲ’ ಎಂಬ ಐದಕ್ಷರವೂ ಮುಖ್ಯ. ರೈಟ್ ಬ್ಯಾಕ್ ಆಗಲೇ ಎರಡು ಗೋಲಿನ ಭಾರ ಹೊತ್ತು ಕೂತಿದ್ದಾನೆ. ಅವನ ಹೆಸರೆತ್ತಿ ಬೈದರೆ ಎರಡನೇ ಅವಧಿಯಲ್ಲಿ ಅವನು ಚೆಂಡಿನಿಂದಲೇ ತಪ್ಪಿಸಿಕೊಳ್ಳುತ್ತಾನೆ. ಪಾಸ್ ಕೇಳುವುದಿಲ್ಲ, ಎದುರಾಳಿಯ ಬೆನ್ನ ಹಿಂದೆ ಅಡಗಿ ನಿಲ್ಲುತ್ತಾನೆ. ಬೈಗುಳ ಕೆಲಸ ಕೆಡಿಸಿದ್ದಕ್ಕೆ ಅದೇ ಗುರುತು.

ಎರಡನೇ ಮಾತಿನ ಹಿಂದೆ ಹಾಕಿಯದೇ ಒಂದು ವಿಶೇಷ ಇದೆ. ಈ ಆಟದಲ್ಲಿ ಎಡಗೈಯವರಿಗೆಂದು ಬೇರೆ ಸ್ಟಿಕ್ ಇಲ್ಲ. ಎಲ್ಲರ ಸ್ಟಿಕ್ಕಿನ ಚಪ್ಪಟೆ ಮುಖವೂ ಒಂದೇ ಕಡೆಗಿರುತ್ತದೆ, ಹಾಗಾಗಿ ಎಲ್ಲರಿಗೂ ತಮ್ಮ ಬಲಗಡೆ ಬಂದ ಚೆಂಡನ್ನು ತಡೆಯುವುದು ಸುಲಭ, ಎಡಗಡೆ ಬಂದದ್ದಕ್ಕೆ ಸ್ಟಿಕ್ ತಿರುಗಿಸಬೇಕು. ನಮ್ಮ ರೈಟ್ ಹಾಫ್ ಎದುರಾಳಿಯ ಲೆಫ್ಟ್ ವಿಂಗನ್ನು ಸೈಡ್ ಲೈನ್ ಕಡೆಗೆ ಸರಿಸಿದರೆ ಚೆಂಡು ತಾನಾಗಿ ಇವನ ಬಲಗಡೆಗೆ, ಸುಲಭದ ಕಡೆಗೆ, ಬರುತ್ತದೆ. ಆ ವಿಂಗ್‌ಗೆ ಅದು ತನ್ನ ಎಡಗಡೆ, ಕಷ್ಟದ ಕಡೆ. ಅಂದರೆ ರೈಟ್ ಹಾಫ್ ಕಾಯಬೇಕಷ್ಟೇ, ಜಾಗವೇ ಅವನ ಪರವಾಗಿದೆ. ಮುಂದಕ್ಕೆ ಬಿದ್ದ ಕ್ಷಣ ಆ ಅನುಕೂಲ ಹೋಯಿತು. ಒದ್ದೆ ನೆಲದಲ್ಲಿ ಕಾಲು ಜಾರಿ ಎದ್ದೇಳುವಷ್ಟರಲ್ಲಿ ವಿಂಗ್ ಡಿ ಒಳಗಿರುತ್ತಾನೆ.

ಬೆಂಚಿನ ಹುಡುಗ ಹಾಕುವ ಗೆರೆಗಳಿಂದ ತಂಡಕ್ಕೆ ಸ್ಕೋರ್ ಬಿಟ್ಟು ಬೇರೊಂದು ಲೆಕ್ಕ ಸಿಗುತ್ತದೆ. ನಮ್ಮ ಪಂದ್ಯದಲ್ಲಿ ಐದು ನಿಮಿಷ ಕಳೆದಾಗ ಚೀಟಿಯಲ್ಲಿ ಮೂರು ಗೆರೆ ಇದೆ ಎಂದುಕೊಳ್ಳಿ. ನಾಲ್ಕು ಆಗಲಿಲ್ಲ, ಸ್ಕೋರ್ ಇನ್ನೂ 0–2. ಆದರೆ ಮೊದಲರ್ಧದ ಕೊನೆಯಲ್ಲಿ ಸತತ ಎರಡು ಪಾಸೂ ಸೇರುತ್ತಿರಲಿಲ್ಲ. ಕ್ಯಾಪ್ಟನ್ ಬೆಂಚಿನ ಪಕ್ಕ ಹಾದುಹೋಗುವಾಗ ಕೋಚ್ ಮೂರು ಬೆರಳು ತೋರಿಸುತ್ತಾರೆ, ಅದು ಮೈದಾನದೊಳಗೆ ಹರಡುತ್ತದೆ. ನೀವು ಲೈನ್ ಪಕ್ಕ ನಿಂತಿದ್ದರೆ ಆಟ ತಿರುಗಿದ್ದನ್ನು ಇನ್ನೂ ಎರಡು ಕಡೆ ಕಾಣಬಹುದು. ಫ್ರೀ ಹಿಟ್ ಸಿಕ್ಕಾಗ ಹುಡುಗ ಚೆಂಡನ್ನು ನಿಲ್ಲಿಸಿ ಒಮ್ಮೆ ತಲೆ ಎತ್ತುತ್ತಾನೆ. ಫಾರ್ವರ್ಡ್‌ಗಳು ಚೆಂಡಿನ ಬಳಿಗೆ ಓಡಿ ಬರದೆ ಮೇಲೆ, ಎದುರಾಳಿಯ 23 ಮೀಟರ್ ಗೆರೆಯ ಹತ್ತಿರ, ಅಗಲಕ್ಕೆ ನಿಲ್ಲುತ್ತಾರೆ. ಹಾಗೆ ನಿಂತವನಿಗೆ ಒಂದು ಪಾಸ್ ಸಿಗುತ್ತದೆ, ಡಿ ಒಳಗೆ ನುಗ್ಗಿದಾಗ ಎದುರಾಳಿಯ ಕಾಲಿಗೆ ಚೆಂಡು ತಾಗುತ್ತದೆ, ಈ ಸಲ ಪೆನಾಲ್ಟಿ ಕಾರ್ನರ್ ನಮ್ಮದು. 1–2. ಇಲ್ಲಿ ಮತ್ತೆ ಅವಸರ ಹತ್ತುವ ಅಪಾಯವಿದೆ, ಮೊದಲಿಗಿಂತ ಹೆಚ್ಚು. ಒಂದು ಗೋಲ್ ಬಂದ ಕೂಡಲೇ ಎಲ್ಲರೂ ಮುಂದಕ್ಕೆ ನುಗ್ಗಿ ಹಿಂದೆ ಖಾಲಿ ಬಿಡುವುದರಿಂದಲೇ ಎಷ್ಟೋ ಶಾಲಾ ಪಂದ್ಯಗಳು 1–3 ಆಗಿ ಮುಗಿಯುತ್ತವೆ. ಕೋಚ್ ಆಗ ಕೂಗಬೇಕಾದದ್ದು ಒಂದೇ: ಅದೇ ಮೂರು ಪಾಸ್.

ಈ ಪಂದ್ಯ ಸಮ ಆಗಬಹುದು, 1–2ರಲ್ಲೇ ಮುಗಿಯಲೂಬಹುದು. ಹಾಫ್ ಟೈಮ್ ಮಾತಿಗೆ ಇಷ್ಟೇ ಅಳವು. ಎದುರಾಳಿಗಳು ಓಟದಲ್ಲೂ ಕೈಚಳಕದಲ್ಲೂ ತೀರಾ ಮುಂದಿದ್ದು ಸ್ಕೋರ್ 0–6 ಆಗಿದ್ದರೆ ಯಾವ ಮಾತೂ ಅದನ್ನು ಅಳಿಸುವುದಿಲ್ಲ. ಆಗ ಇನ್ನೂ ಚಿಕ್ಕ ಗುರಿ ಕೊಡಬೇಕು: ಮೊದಲ ಹತ್ತು ನಿಮಿಷ ನಮ್ಮ ಡಿ ಒಳಗೆ ಫೌಲ್ ಆಗಬಾರದು, ಒಮ್ಮೆಯಾದರೂ ಅವರ 23 ಮೀಟರ್ ಗೆರೆ ದಾಟಬೇಕು. ಸುಳ್ಳು ಭರವಸೆ ಕೊಡುವ ಕೋಚ್‌ನ ಮಾತನ್ನು ಹುಡುಗರು ಮುಂದಿನ ಪಂದ್ಯದಲ್ಲಿ ಕೇಳುವುದಿಲ್ಲ.

ಹೊಸ ವಿದ್ಯೆಯನ್ನು ಕಲಿಸುವ ಜಾಗವೂ ಅದಲ್ಲ. ಮೇಲಿನ ಮೂರೂ ಮಾತು ಆ ಹುಡುಗರಿಗೆ ಅಭ್ಯಾಸದಲ್ಲಿ ಮಾಡಿ ಗೊತ್ತಿದ್ದುದರಿಂದ ಮಾತ್ರ ಎರಡೂವರೆ ನಿಮಿಷದಲ್ಲಿ ಮುಗಿದವು. ಹತ್ತು ಮೀಟರ್ ಚೌಕ ಗೆರೆ ಹಾಕಿ ಒಬ್ಬನ ವಿರುದ್ಧ ಮೂವರು ಪಾಸ್ ಆಡುವುದು, ಸೈಡ್ ಲೈನ್ ಬಳಿ ಎರಡು ಕಲ್ಲಿಟ್ಟು ಡಿ ಒಳಗಿನಿಂದ ಅವುಗಳ ನಡುವೆ ಚೆಂಡು ಹೊಡೆಯುವುದು, ಸ್ಟಿಕ್ ನೆಲ ಬಿಡದಂತೆ ವಿಂಗ್ ಜೊತೆ ಹಿಂದಕ್ಕೆ ಓಡುವುದು. ಶಾಲೆ ಬಿಟ್ಟ ಮೇಲೆ ಈ ಮೂರಕ್ಕೆ ಅರ್ಧ ಗಂಟೆ ಸಾಕು, ಸಾಮಾನೂ ಹೆಚ್ಚೇನೂ ಬೇಡ. ಪಂದ್ಯದ ಮಾರನೇ ದಿನ ಆ ಕೋಚ್ ರೈಟ್ ಬ್ಯಾಕ್‌ನಿಂದಲೇ ಕಲ್ಲಿಡಿಸಿ ಅಭ್ಯಾಸ ಶುರು ಮಾಡಿಸುತ್ತಾರೆ.